ಖಾಲಿ ಸಭಾಂಗಣದ ಗುಂಗನ್ನು ಮಾತಿನಿಂದ ಬಿಡಿಸುವುದು

ದೊಡ್ಡ ಖಾಲಿ ಸಭಾಂಗಣದಲ್ಲಿ ಉಪನ್ಯಾಸ ಮುದ್ರಿಸುವಾಗ ಪ್ರತಿಯೊಂದು ಅಕ್ಷರವೂ ಮೈಕಿಗೆ ಹಲವು ಸಲ ತಲುಪುತ್ತದೆ. ಬಾಯಿಂದ ನೇರವಾಗಿ ಹೊರಟ ಧ್ವನಿ ಮೊದಲು ಬರುತ್ತದೆ. ಅದರ ಬೆನ್ನಿಗೇ ನೆಲಕ್ಕೆ, ಮೇಜಿಗೆ, ಹತ್ತಿರದ ಗೋಡೆಗೆ ಬಡಿದ ಧ್ವನಿ ಬರುತ್ತದೆ. ಆಮೇಲೆ ಚಾವಣಿ ಮತ್ತು ದೂರದ ಗೋಡೆಗಳ ನಡುವೆ ಹತ್ತಾರು ಸಲ ಓಡಾಡಿದ ಅಲೆಗಳು ಒಂದರ ಮೇಲೊಂದು ಬಿದ್ದು, ಬಿಡಿಯಾಗಿ ಕೇಳಿಸದೆ, ಉದ್ದನೆಯ ಗುಂಗಾಗಿ ಹರಿದು ಬರುತ್ತವೆ. ಜನ ಇದನ್ನು ‘ಎಕೋ’ ಎನ್ನುತ್ತಾರೆ, ಭೌತಶಾಸ್ತ್ರದ ಪಠ್ಯಗಳು ಅನುರಣನ ಎನ್ನುತ್ತವೆ. ಮೊದಲ 50 ಮಿಲಿಸೆಕೆಂಡುಗಳೊಳಗೆ ಬಂದ ಪ್ರತಿಫಲನಗಳನ್ನು ಕಿವಿ ಮೂಲ ಧ್ವನಿಯ ಜೊತೆಗೇ ಸೇರಿಸಿಕೊಳ್ಳುತ್ತದೆ. ಅವು ಮಾತಿಗೆ ಬಲ ಕೊಡುತ್ತವೆ. ತೊಂದರೆ ಇರುವುದು ಅದಕ್ಕಿಂತ ತಡವಾಗಿ ಬಂದ ಬಾಲದಲ್ಲಿ, ಅನುರಣನ ತಗ್ಗಿಸುವ ಸಾಧನಗಳ ಗುರಿಯೂ ಆ ಬಾಲವೇ.

ಈ ಬಾಲವನ್ನು ಮೊದಲು ಅಳೆದವರು ಅಮೆರಿಕದ ವಾಲೇಸ್ ಸಬೈನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವರ ಪಾಲಿಗೆ ಬಂತು. ಕೊಠಡಿ ಖಾಲಿಯಿದ್ದಾಗ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಕೇಳಿಸುತ್ತಲೇ ಇರುತ್ತಿತ್ತು. ಸದ್ದಡಗಿದ ರಾತ್ರಿಗಳಲ್ಲಿ ಅವರು ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಧ್ವನಿ ಅಡಗುವ ಹೊತ್ತನ್ನು ಗುರುತಿಸಿಕೊಂಡರು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ತರಿಸಿ ಕೊಠಡಿಯಲ್ಲಿ ಹರಡುತ್ತ, ದಿಂಬು ಹೆಚ್ಚಿದಂತೆ ಆ ಹೊತ್ತು ಹೇಗೆ ಕುಗ್ಗುತ್ತದೆ ಎಂದು ನೋಡಿದರು. ಅವರು ಕಂಡುಕೊಂಡ ನಿಯಮ ಇಂದಿಗೂ ಬಳಕೆಯಲ್ಲಿದೆ. ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಧ್ವನಿಯನ್ನು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಅನುರಣನದ ಅವಧಿ ಸಿಗುತ್ತದೆ. ಧ್ವನಿ 60 ಡೆಸಿಬೆಲ್ ಇಳಿಯಲು, ಎಂದರೆ ಅದರ ಶಕ್ತಿ ಹತ್ತು ಲಕ್ಷದಲ್ಲಿ ಒಂದು ಪಾಲಾಗಲು, ಬೇಕಾದ ಸಮಯವೇ ಈ ಅವಧಿ.

30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಸಭಾಂಗಣವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಟೈಲ್ಸ್ ನೆಲ, ಗಾರೆ ಗೋಡೆ, ಕಾಂಕ್ರೀಟ್ ಚಾವಣಿ, ಪ್ಲಾಸ್ಟಿಕ್ ಕುರ್ಚಿಗಳು. ನಮ್ಮ ಎಷ್ಟೋ ಕಲ್ಯಾಣಮಂಟಪಗಳು ಇದೇ ಬಗೆಯವು. ಘನಗಾತ್ರ 2,700 ಘನ ಮೀಟರ್. ಖಾಲಿ ಇದ್ದಾಗ ಅನುರಣನದ ಅವಧಿ 3 ಸೆಕೆಂಡ್ ಎಂದಾದರೆ, ಅಲ್ಲಿ ಧ್ವನಿ ಹೀರುವ ಮೇಲ್ಮೈ 145 ಚದರ ಮೀಟರಿನಷ್ಟೇ ಇದೆ ಎಂದಾಯಿತು. ಕುಳಿತ ಒಬ್ಬ ಮನುಷ್ಯ ಸುಮಾರು 0.45 ಚದರ ಮೀಟರಿನಷ್ಟು ಧ್ವನಿಯನ್ನು ಹೀರುತ್ತಾನೆ. ಹೀಗಾಗಿ ಮುನ್ನೂರು ಜನ ಬಂದು ಕುಳಿತರೆ ಅವಧಿ ಸುಮಾರು ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಸಭೆ ತುಂಬಿದಾಗ ಚೆನ್ನಾಗಿಯೇ ಕೇಳಿಸುವ ಜಾಗದಲ್ಲಿ, ಜನರಿಲ್ಲದ ದಿನ ಮುದ್ರಿಸಿದ ಪಾಠ ಕೆಟ್ಟಿರುವುದು ಇದರಿಂದಲೇ.

ಮೂರು ಸೆಕೆಂಡಿನ ಅವಧಿ ಮಾತನ್ನು ಹೇಗೆ ಕೆಡಿಸುತ್ತದೆ ಎಂದು ನೋಡಬೇಕು. ಧ್ವನಿ ಅಲ್ಲಿ ಸೆಕೆಂಡಿಗೆ 20 ಡೆಸಿಬೆಲ್‌ನಂತೆ ಇಳಿಯುತ್ತದೆ. ಸೆಕೆಂಡಿಗೆ ಐದು ಅಕ್ಷರ ಉಚ್ಚರಿಸುವವರ ಮಾತಿನಲ್ಲಿ ಮುಂದಿನ ಅಕ್ಷರ ಬರುವ ಹೊತ್ತಿಗೆ ಹಿಂದಿನದರ ಬಾಲ 4 ಡೆಸಿಬೆಲ್ ಮಾತ್ರ ಕುಗ್ಗಿರುತ್ತದೆ, ಅದರ ಶಕ್ತಿಯ ಐದರಲ್ಲಿ ಎರಡು ಪಾಲು ಇನ್ನೂ ಕೋಣೆಯಲ್ಲಿ ಉಳಿದಿರುತ್ತದೆ. ಸ್ವರಗಳು ಗಟ್ಟಿ, ವ್ಯಂಜನಗಳು ಅವುಗಳಿಗಿಂತ ಬಹಳ ಮೆಲು. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಹಾಕುತ್ತದೆ. ಕನ್ನಡದಲ್ಲಿ ಒತ್ತಕ್ಷರಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ‘ಕತ್ತೆ’ಯನ್ನು ‘ಕತೆ’ಯಿಂದ ಬೇರೆ ಮಾಡುವುದು ನಡುವಿನ ಚಿಕ್ಕ ಮೌನ. ಆ ಮೌನದ ಜಾಗದಲ್ಲಿ ಬಾಲ ತುಂಬಿಕೊಂಡರೆ ಎರಡೂ ಒಂದೇ ಆಗಿ ಕೇಳಿಸುತ್ತವೆ.

ಮೈಕಿನ ದೂರ ಇದಕ್ಕಿಂತ ದೊಡ್ಡ ವಿಷಯ. ನೇರ ಧ್ವನಿ ದೂರ ಹೋದಂತೆ ಕ್ಷೀಣಿಸುತ್ತದೆ, ಅನುರಣನ ಮಾತ್ರ ಸಭಾಂಗಣದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಎರಡೂ ಸಮವಾಗುವ ದೂರ ಮೇಲಿನ ಸಭಾಂಗಣದಲ್ಲಿ, ಮಾತನಾಡುವವರು ಮೈಕಿನತ್ತ ಮುಖ ಮಾಡಿದ್ದರೆ, ಸುಮಾರು 2.4 ಮೀಟರ್. ಎಂಟು ಮೀಟರ್ ದೂರದ ಕುರ್ಚಿಯ ಮೇಲಿಟ್ಟ ಫೋನಿಗೆ ತಲುಪುವ ನೇರ ಧ್ವನಿಯ ಶಕ್ತಿ ಅನುರಣನದ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಮೊದಲ 50 ಮಿಲಿಸೆಕೆಂಡಿನ ಪ್ರತಿಫಲನಗಳನ್ನು ಸೇರಿಸಿಕೊಂಡರೂ ಉಪಯೋಗಕ್ಕೆ ಬರುವ ಧ್ವನಿ ಒಟ್ಟಿನ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ಅದೇ ಹೊತ್ತಿನಲ್ಲಿ ಅಂಗಿಗೆ ಸಿಕ್ಕಿಸಿದ ಕಾಲರ್ ಮೈಕಿನ ಮುದ್ರಣವೂ ಯಾರ ಬಳಿಯಾದರೂ ಇದ್ದರೆ ಯಾವ ತಂತ್ರಾಂಶವೂ ಬೇಕಾಗುವುದಿಲ್ಲ. ಎಲ್ಲ ಪ್ರಯತ್ನಕ್ಕಿಂತ ಮೊದಲು ಅದನ್ನು ಹುಡುಕುವುದೇ ಜಾಣತನ.

ಅದು ಸಿಗದಿದ್ದಾಗ ಹಲವರು ಮೊದಲು ಕೈಹಾಕುವುದು ಗದ್ದಲ ತಗ್ಗಿಸುವ ಸಾಧನಕ್ಕೆ. ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಫ್ಯಾನಿನ ಸದ್ದು ಒಂದೇ ತೆರನಾಗಿರುತ್ತದೆ, ಮಾತಿಗೂ ಅದಕ್ಕೂ ಸಂಬಂಧವಿಲ್ಲ. ಮೌನದ ತುಣುಕೊಂದನ್ನು ಮಾದರಿಯಾಗಿ ತೋರಿಸಿದರೆ ಅದನ್ನು ಎಲ್ಲ ಕಡೆಯೂ ಕಳೆಯಬಹುದು. ಅನುರಣನವಾದರೋ ಮಾತೇ, ತಡವಾಗಿ ಬಂದ ಮಾತು. ಗದ್ದಲ ಕಾಗದದ ಮೇಲೆ ಕುಳಿತ ಧೂಳಾದರೆ ಅನುರಣನ ಅಕ್ಷರದಿಂದಲೇ ಹರಡಿಕೊಂಡ ಮಸಿ. ಹರಡಿದ್ದನ್ನು ತೆಗೆಯಬೇಕಾದರೆ ಅದು ಯಾವ ಅಕ್ಷರದಿಂದ ಹೊರಟಿತು ಎಂಬುದನ್ನು ಲೆಕ್ಕ ಹಾಕಬೇಕು.

ಆ ಲೆಕ್ಕವನ್ನು ಸ್ಪಷ್ಟವಾಗಿ ಕಟ್ಟಿದ ವಿಧಾನವೆಂದರೆ ಡಬ್ಲ್ಯುಪಿಇ. ಜಪಾನಿನ ಎನ್‌ಟಿಟಿ ಸಂಸ್ಥೆಯ ತೊಮೊಹಿರೊ ನಾಕತಾನಿ ಮತ್ತು ಸಹೋದ್ಯೋಗಿಗಳು ಅದನ್ನು 2010ರಲ್ಲಿ ವಿವರವಾಗಿ ಪ್ರಕಟಿಸಿದರು. ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯದವರು ಅದನ್ನು ಪೈಥಾನ್ ಭಾಷೆಯಲ್ಲಿ `nara_wpe` ಎಂಬ ಹೆಸರಿನಿಂದ ಎಲ್ಲರ ಬಳಕೆಗೆ ಬಿಟ್ಟಿದ್ದಾರೆ. ಇದು ಧ್ವನಿಯನ್ನು ಮಿಲಿಸೆಕೆಂಡುಗಳ ಚಿಕ್ಕ ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರನ್ನೂ ಆವರ್ತನಗಳಾಗಿ ಬಿಡಿಸುತ್ತದೆ. ಸಭಾಂಗಣ ಬದಲಾಗುವುದಿಲ್ಲ, ಮೈಕೂ ಕದಲುವುದಿಲ್ಲ. ಹಾಗಾಗಿ ಈಗಿನ ಚೂರಿನಲ್ಲಿ ಹಿಂದಿನ ಚೂರುಗಳ ಎಷ್ಟೆಷ್ಟು ಪಾಲು ಬೆರೆತಿದೆ ಎಂಬುದು ಉದ್ದಕ್ಕೂ ಒಂದೇ ಆಗಿರಬೇಕು. ಆ ಪಾಲುಗಳನ್ನು ಮುದ್ರಣದಿಂದಲೇ ಅಂದಾಜಿಸಿ, ಹಿಂದಿನದರಿಂದ ಊಹಿಸಬಹುದಾದಷ್ಟನ್ನು ಕಳೆದುಬಿಟ್ಟರೆ, ಊಹೆಗೆ ಸಿಗದ ಹೊಸ ಮಾತು ಉಳಿಯುತ್ತದೆ. ಒಂದು ಸ್ವರ ತಾನೇ ಹತ್ತಾರು ಮಿಲಿಸೆಕೆಂಡು ಮುಂದುವರಿಯುವುದರಿಂದ, ತೀರ ಹತ್ತಿರದ ಚೂರುಗಳನ್ನು ಊಹೆಗೆ ಬಳಸಿದರೆ ಮಾತೇ ಕರಗಿಹೋದೀತು. ಅದಕ್ಕೇ ನಡುವೆ ಸ್ವಲ್ಪ ಅಂತರ ಬಿಡುತ್ತಾರೆ. ತಂತ್ರಾಂಶದಲ್ಲಿ ಈ ಅಂತರದ ಹೆಸರು `delay`, ಎಷ್ಟು ಹಿಂದಿನವರೆಗೆ ನೋಡಬೇಕೆಂಬುದು `taps`. ಚೂರುಗಳು 8 ಮಿಲಿಸೆಕೆಂಡಿಗೊಂದರಂತೆ ಸಾಗುವಾಗ `taps` 10 ಎಂದಿದ್ದರೆ 80 ಮಿಲಿಸೆಕೆಂಡು ಹಿಂದಕ್ಕೆ ಮಾತ್ರ ನೋಡಿದಂತಾಯಿತು. ಮೂರು ಸೆಕೆಂಡಿನ ಸಭಾಂಗಣಕ್ಕೆ ಅದು ಸಾಲದು. ಹೆಚ್ಚಿಸಿದಷ್ಟೂ ಲೆಕ್ಕ ಭಾರವಾಗುತ್ತದೆ, ಅಂದಾಜಿಗೆ ಹೆಚ್ಚು ಉದ್ದದ ಮಾತೂ ಬೇಕಾಗುತ್ತದೆ.

ಈ ತತ್ವದಿಂದ ಕೆಲವು ಎಚ್ಚರಿಕೆಗಳು ತಾವಾಗಿಯೇ ಹೊರಡುತ್ತವೆ. ಎರಡು ಮೈಕಿನ ಸ್ಟೀರಿಯೊ ಮುದ್ರಣವಿದ್ದರೆ ಅದನ್ನು ಮೊದಲೇ ಮೋನೊ ಮಾಡಬಾರದು. ಎರಡು ಕಡೆಯ ಧ್ವನಿಯನ್ನು ಒಟ್ಟಿಗೆ ನೋಡಿದಾಗ ಊಹೆ ಬಹಳ ಗಟ್ಟಿಯಾಗುತ್ತದೆ, ಒಂದೇ ಮೈಕಿನಿಂದ ಸಿಗುವ ಲಾಭ ಮಿತವಾದದ್ದು. ಉಪನ್ಯಾಸಕರು ವೇದಿಕೆಯ ಮೇಲೆ ಓಡಾಡುತ್ತಿದ್ದರೆ ಪಾಲುಗಳು ಬದಲಾಗುತ್ತವೆ, ಆಗ ಇಡೀ ಗಂಟೆಯನ್ನು ಒಮ್ಮೆಗೇ ಕೊಡದೆ ಒಂದೆರಡು ನಿಮಿಷದ ತುಣುಕುಗಳಾಗಿ ಕೊಡಬೇಕು. ಫೋನಿನ ತಂತಾನೇ ಧ್ವನಿ ಏರಿಳಿಸುವ ವ್ಯವಸ್ಥೆ ಮಾತು ನಿಂತ ಕೂಡಲೇ ಬಾಲವನ್ನು ಎತ್ತಿ ತೋರಿಸುತ್ತದೆ, ಲೆಕ್ಕದ ಬುಡವನ್ನೂ ಅಲುಗಾಡಿಸುತ್ತದೆ. ಅದನ್ನು ಮುದ್ರಣದ ಮುಂಚೆಯೇ ಆರಿಸಿಡಬೇಕು.

ಮಾರುಕಟ್ಟೆಯ ಸಂಪಾದನಾ ಸಾಧನಗಳು ಇನ್ನೊಂದು ದಾರಿ ಹಿಡಿಯುತ್ತವೆ. ಐಜೋಟೋಪ್ ಆರ್‌ಎಕ್ಸ್‌ನ `De-reverb`ನಂಥವು ಬಾಲ ಎಷ್ಟು ಬೇಗ ಇಳಿಯುತ್ತದೆ ಎಂದು ತಿಳಿದುಕೊಂಡು, ಪ್ರತಿ ಆವರ್ತನದಲ್ಲೂ ಬಾಲ ಮೇಲುಗೈಯಾದ ಕ್ಷಣಗಳಲ್ಲಿ ಧ್ವನಿಯನ್ನು ತಗ್ಗಿಸುತ್ತವೆ. ಅವಕ್ಕೆ ಕಲಿಯಲು ಕೊಡಬೇಕಾದದ್ದು ಮಾತು ನಿಂತು ಬಾಲ ಪೂರ್ತಿ ಕೇಳಿಸುವ ಕೆಲವು ಸೆಕೆಂಡುಗಳ ಭಾಗ. ಬಾಲದ ಉದ್ದವನ್ನು ಕಣ್ಣಿನಿಂದಲೂ ಅಳೆಯಬಹುದು. ಆಡಾಸಿಟಿಯಲ್ಲಿ ಅಲೆರೂಪವನ್ನು ಡೆಸಿಬೆಲ್ ಅಳತೆಯಲ್ಲಿ ತೆರೆದು, ವಾಕ್ಯವೊಂದು ಮುಗಿದ ಮೇಲೆ 20 ಡೆಸಿಬೆಲ್ ಇಳಿಯಲು ಹಿಡಿದ ಸಮಯವನ್ನು ಮೂರರಿಂದ ಗುಣಿಸಿದರಾಯಿತು. ಒಂದು ಸೆಕೆಂಡ್ ಹಿಡಿದರೆ ಅವಧಿ 3 ಸೆಕೆಂಡ್. ಪೂರ್ತಿ 60 ಡೆಸಿಬೆಲ್ ಕಾಯಲು ಹೋದರೆ ಅಷ್ಟರಲ್ಲಿ ಬಾಲ ಫ್ಯಾನಿನ ಸದ್ದಿನೊಳಗೆ ಮುಳುಗಿರುತ್ತದೆ.

ಕೆಲಸದ ಸರಣಿಯನ್ನು ತಪ್ಪಿಸುವಂತಿಲ್ಲ. ಮೂಲ ಕಡತದ ಪ್ರತಿ ತೆಗೆದುಕೊಂಡು, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗನ್ನು ಮೊದಲು ಕತ್ತರಿಸಬೇಕು. ಮಾತು ಅಲ್ಲಿಲ್ಲ, ಕಾಂಕ್ರೀಟ್ ಸಭಾಂಗಣದ ಬಾಲ ಮಾತ್ರ ಮಂದ್ರದಲ್ಲೇ ಉದ್ದ. ಅನಂತರ ಅನುರಣನ, ಆಮೇಲೆ ಗದ್ದಲ, ಕೊನೆಗೆ ಧ್ವನಿಮಟ್ಟ ಸಮ ಮಾಡುವ ಕಂಪ್ರೆಸರ್. ಕಂಪ್ರೆಸರ್ ಮೆಲುದನಿಯನ್ನು ಎತ್ತುವ ಸಾಧನವಾದ್ದರಿಂದ ಅದನ್ನು ಮೊದಲೇ ಹಾಕಿದರೆ ಬಾಲವೂ ಎದ್ದು ನಿಲ್ಲುತ್ತದೆ.

ಎಷ್ಟು ತಗ್ಗಿಸಬೇಕೆಂಬುದೇ ಕಷ್ಟದ ಪ್ರಶ್ನೆ. ಬಾಲವನ್ನು 6ರಿಂದ 10 ಡೆಸಿಬೆಲ್ ತಗ್ಗಿಸಿದರೂ ವ್ಯಂಜನಗಳು ಮೇಲೇಳುತ್ತವೆ, ಕೋಣೆ ಚಿಕ್ಕದಾದಂತೆ ಕೇಳಿಸುತ್ತದೆ. ಅಲ್ಲಿಗೆ ನಿಲ್ಲುವುದು ಲೇಸು. ಅತಿಯಾದರೆ ಧ್ವನಿ ನೀರೊಳಗಿಂದ ಬಂದಂತಾಗುತ್ತದೆ, ತಗಡಿನ ಕಿಣಿಕಿಣಿ ಸೇರಿಕೊಳ್ಳುತ್ತದೆ, ಪದಗಳ ಕೊನೆಯ ಸ್ವರ ಕತ್ತರಿಸಿಹೋಗುತ್ತದೆ. ಕನ್ನಡದ ಬಹುಪಾಲು ಪದಗಳು ಸ್ವರದಲ್ಲೇ ಮುಗಿಯುತ್ತವೆ, ವಿಭಕ್ತಿಯೂ ಕ್ರಿಯಾಪದದ ಲಿಂಗವಚನವೂ ಆ ಕೊನೆಯಲ್ಲೇ ಇರುತ್ತವೆ. ಆದ್ದರಿಂದ ಈ ನಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಇದನ್ನು ಪತ್ತೆಹಚ್ಚಲು ಒಳ್ಳೆಯ ಉಪಾಯವಿದೆ: ಕಳೆದ ಭಾಗವನ್ನು ಮಾತ್ರ ಕೇಳುವುದು. ಆರ್‌ಎಕ್ಸ್‌ನಲ್ಲಿ ಅದಕ್ಕೆ `Output reverb only` ಎಂಬ ಆಯ್ಕೆಯೇ ಇದೆ. ಅದರಲ್ಲಿ ಮಸುಕು ಗುಂಗಷ್ಟೇ ಇದ್ದರೆ ಸರಿ, ಪದಗಳು ತಿಳಿಯುವಂತಿದ್ದರೆ ಮಾತನ್ನೇ ಕಳೆಯಲಾಗಿದೆ. ಸ್ವಚ್ಛಗೊಳಿಸಿದ್ದರ ಅಡಿಯಲ್ಲಿ ಮೂಲವನ್ನು ಸ್ವಲ್ಪ, ಹತ್ತಿಪ್ಪತ್ತು ಶೇಕಡದಷ್ಟು, ಬೆರೆಸಿದರೆ ಉಳಿದ ಕಿಣಿಕಿಣಿ ಮರೆಯಾಗುತ್ತದೆ.

ಈಚಿನ ನರಜಾಲ ಆಧಾರಿತ ಸಾಧನಗಳ ಶಕ್ತಿ ಇವೆರಡಕ್ಕಿಂತ ಹೆಚ್ಚು. ಸ್ವಚ್ಛವಾದ ಮಾತಿಗೆ ಸಾವಿರಾರು ಕೋಣೆಗಳ ಅನುರಣನವನ್ನು ಕೃತಕವಾಗಿ ಬೆರೆಸಿ, ಬೆರೆಸುವ ಮುಂಚಿನ ಮಾತನ್ನು ಮರಳಿ ಪಡೆಯುವುದನ್ನು ಅವಕ್ಕೆ ಕಲಿಸಿರುತ್ತಾರೆ. ಎಂಟು ಮೀಟರ್ ದೂರದ ಮುದ್ರಣವನ್ನೂ ಅವು ಸ್ಟುಡಿಯೊದಲ್ಲಿ ಆಡಿದಂತೆ ಮಾಡಿಕೊಡಬಲ್ಲವು. ಅಪಾಯ ಇರುವುದೂ ಅಲ್ಲೇ. ಅವುಗಳಲ್ಲಿ ಕೆಲವು ಬಾಲವನ್ನು ಕಳೆಯುವ ಬದಲು ಮಾತನ್ನು ಹೊಸದಾಗಿ ರಚಿಸುತ್ತವೆ. ಮೂಲದಲ್ಲಿ ಕೇಳಿಸದ ವ್ಯಂಜನದ ಜಾಗಕ್ಕೆ ಹೊಂದುವಂಥ ಬೇರೊಂದನ್ನು ಸ್ಪಷ್ಟವಾಗಿ ಇಟ್ಟುಬಿಡಬಹುದು, ಕೇಳುವವರಿಗೆ ಅನುಮಾನವೂ ಬರದು. ಲ-ಳ, ನ-ಣ, ತ-ಟ ಬೇರೆಯಾಗಬೇಕಾದ ಕಡೆ, ವ್ಯಕ್ತಿಗಳ ಹೆಸರು, ಇಸವಿ, ಅಂಕಿಗಳು ಬರುವ ಕಡೆ ಮೂಲದೊಂದಿಗೆ ಹೋಲಿಸಿ ಕೇಳಲೇಬೇಕು. ಗದ್ದಲ ಹೆಚ್ಚಿರುವ ಭಾಗದಲ್ಲಿ, ಸಭಿಕರು ಹಿಂದಿನಿಂದ ಪ್ರಶ್ನೆ ಕೇಳಿದ ಭಾಗದಲ್ಲಿ, ಇಬ್ಬರು ಒಟ್ಟಿಗೆ ಮಾತಾಡಿದ ಭಾಗದಲ್ಲಿ ಮೇಲಿನ ಯಾವ ವಿಧಾನವೂ ನೆಚ್ಚುವಂಥದ್ದಲ್ಲ. ಅಂಥ ಕಡೆ ಪ್ರಶ್ನೆಯನ್ನು ವಿಡಿಯೊದ ಕೆಳಗೆ ಅಕ್ಷರದಲ್ಲಿ ಕೊಟ್ಟು, ಧ್ವನಿಯನ್ನು ಇದ್ದಂತೆಯೇ ಬಿಡುವುದು ಸರಿಯಾದ ಕ್ರಮ.