ಪೊಟ್ಟಣದ ಮೇಲಿನ ಮೆಣಸಿನಕಾಯಿ ಯಾರದು?

ಹಾವೇರಿ ಜಿಲ್ಲೆಯ ಒಂದು ಕುಟುಂಬ ಮನೆಯಲ್ಲೇ ಸಾರಿನ ಪುಡಿ ಮಾಡಿ ಮಾರುತ್ತಿದೆ ಎಂದುಕೊಳ್ಳಿ. ವ್ಯಾಪಾರ ಕುದುರಿದ ಮೇಲೆ, ಕಂಪನಿಗಳಲ್ಲಿ ನೌಕರಿ ಮಾಡದೆ ಮನೆಯಿಂದಲೇ ಕೆಲಸ ಮಾಡುವ ಡಿಸೈನರ್ ಒಬ್ಬಳಿಗೆ 15,000 ರೂಪಾಯಿ ಕೊಟ್ಟು ಲೋಗೊ ಮತ್ತು ಪೊಟ್ಟಣದ ಲೇಬಲ್ ಮಾಡಿಸಿಕೊಳ್ಳುತ್ತಾರೆ. ಲೋಗೊದಲ್ಲಿ ಒಂದು ಕೆಂಪು ಮೆಣಸಿನಕಾಯಿ, ಪಕ್ಕದಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ಹೆಸರು. ಲೇಬಲ್ಲಿನಲ್ಲಿ ಸಾರಿನ ಬಟ್ಟಲಿನ ಫೋಟೊ, ಸುತ್ತ ರಂಗೋಲಿ ಅಂಚು. ಹಣ ಕೊಟ್ಟಾಯಿತು, ಫೈಲು ಬಂತು, ಇನ್ನು ಎಲ್ಲವೂ ನಮ್ಮದೇ ಎಂದು ಮನೆಯವರು ನಂಬುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ.

1957ರ ಭಾರತೀಯ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಕೃತಿಯ ಮೊದಲ ಮಾಲೀಕರು ಅದನ್ನು ರಚಿಸಿದವರು. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದುಕೊಟ್ಟರೆ ಹಕ್ಕು ಮಾಲೀಕನಿಗೆ ಹೋಗುತ್ತದೆ. ಆದರೆ ಬಿಲ್ಲು ಕೊಟ್ಟು ಹಣ ಪಡೆಯುವ ಸ್ವತಂತ್ರ ಡಿಸೈನರ್ ನೌಕರಳಲ್ಲ. ಹಾಗಾಗಿ ಅವಳು ಕೈಯಾರೆ ಮಾಡಿದ ಲೇಬಲ್ ವಿನ್ಯಾಸದ ಹಕ್ಕು, ಹಣ ಕೈಸೇರಿದ ಮೇಲೂ ಅವಳಲ್ಲೇ ಉಳಿಯುತ್ತದೆ. ಒಪ್ಪಿದ ಕೆಲಸಕ್ಕೆ ಅದನ್ನು ಬಳಸಲು ಕುಟುಂಬಕ್ಕೆ ಅನುಮತಿಯಿದೆ ಎಂದು ವಾದಿಸಬಹುದು, ಅಷ್ಟೇ. ಇಲ್ಲೊಂದು ವಿಚಿತ್ರವಿದೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊ ಅಥವಾ ಬರೆಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರೇ ಮೊದಲ ಮಾಲೀಕರು. ಸಾರಿನ ಬಟ್ಟಲನ್ನು ಊರಿನ ಫೋಟೊಗ್ರಾಫರನಿಂದ ತೆಗೆಸಿದ್ದರೆ ಆ ಚಿತ್ರ ಕುಟುಂಬದ್ದಾಗುತ್ತಿತ್ತು. ಲೋಗೊ, ಲೇಬಲ್ ಜೋಡಣೆ ಆ ಪಟ್ಟಿಯಲ್ಲಿಲ್ಲ.

ಹಕ್ಕು ಕೈಬದಲಾಗಬೇಕಾದರೆ 19ನೇ ಸೆಕ್ಷನ್ ಹೇಳುವಂತೆ ಡಿಸೈನರ್ ಸಹಿ ಮಾಡಿದ ಬರಹ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂದು ಅದರಲ್ಲಿರಬೇಕು. ಕಾಲ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆಯೇ ಅರ್ಥ ಮಾಡಿಕೊಳ್ಳುತ್ತದೆ. ಸಿಂಗಪುರದ ಕನ್ನಡಿಗರ ಅಂಗಡಿಗೆ ಪುಡಿ ಕಳಿಸುವ ಆಸೆಯಿದ್ದರೆ 'ಜಗತ್ತಿನಾದ್ಯಂತ, ಹಕ್ಕಿನ ಪೂರ್ಣ ಅವಧಿಗೆ' ಎಂದು ಬರೆಸಿಕೊಳ್ಳದೆ ಬೇರೆ ದಾರಿಯಿಲ್ಲ. ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ಬಿದ್ದುಹೋಗುತ್ತದೆ ಎಂಬ ನಿಯಮವೂ ಇದೆ. ಅದು ಅನ್ವಯಿಸದು ಎಂದು ಪತ್ರದಲ್ಲೇ ಹೇಳಿಸಬಹುದು.

ಇಷ್ಟೂ ಡಿಸೈನರಳ ಸ್ವಂತ ಕೆಲಸದ ಮಾತು. ಪೊಟ್ಟಣದಲ್ಲಿ ಅವಳದಲ್ಲದ್ದೂ ಇದೆ, ತನ್ನದಲ್ಲದ್ದನ್ನು ಅವಳು ಬರೆದುಕೊಡಲಾರಳು.

ಮೊದಲು ಮೆಣಸಿನಕಾಯಿ. ಅದು ಒಂದು ಆನ್‌ಲೈನ್ ವಿನ್ಯಾಸ ತಾಣದ ಸಿದ್ಧ ಚಿತ್ರ ಎಂದಿಟ್ಟುಕೊಳ್ಳಿ. ಅದಕ್ಕೆ ಸಿಗುವುದು ಎಲ್ಲರಿಗೂ ಸಿಗುವ ಸಾಮಾನ್ಯ ಲೈಸೆನ್ಸ್. ಅದೇ ಚಿತ್ರವನ್ನು ನಾಳೆ ಬ್ಯಾಡಗಿಯ ಇನ್ನೊಬ್ಬ ವ್ಯಾಪಾರಿಯೂ ಬಳಸಬಹುದು. ಕ್ಯಾನ್ವಾದ ಲೋಗೊ ಟೆಂಪ್ಲೇಟುಗಳಿಗೂ ಸ್ಟಾಕ್ ಚಿತ್ರಗಳಿಗೂ ಇದೇ ಮಾತು: ಅವುಗಳಿಂದ ಮಾಡಿದ ಲೋಗೊವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಬೇಡಿ ಎಂದು ಅದರ ನಿಯಮವೇ ಹೇಳುತ್ತದೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಕೂಡ ತಮ್ಮ ಚಿತ್ರಗಳನ್ನು ಲೋಗೊ ಅಥವಾ ಟ್ರೇಡ್‌ಮಾರ್ಕಾಗಿ ಬಳಸಲು ಬಿಡುವುದಿಲ್ಲ. ಸಣ್ಣ ಉದ್ಯಮ 4,500 ರೂಪಾಯಿ ಕಟ್ಟಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ ಮೇಲೆ ಚಿತ್ರದ ಮೂಲ ಕಲಾವಿದರು ಕಾಪಿರೈಟ್ ಆಧಾರದಲ್ಲಿ ಆಕ್ಷೇಪ ಎತ್ತಿದರೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 11ನೇ ಸೆಕ್ಷನ್ ಅದಕ್ಕೆ ಜಾಗ ಕೊಡುತ್ತದೆ. ನನ್ನ ಮಟ್ಟಿಗೆ ಲೋಗೊ ಒಂದನ್ನಾದರೂ ಖಾಲಿ ಹಾಳೆಯಿಂದ ಬರೆಸಬೇಕು. ಬೇರೆಡೆ ಸ್ಟಾಕ್ ಬಳಸಿ ಹಣ ಉಳಿಸಬಹುದು, ಇಲ್ಲಿ ಉಳಿಸಬಾರದು.

ಬಟ್ಟಲಿನ ಫೋಟೊ ಸ್ಟಾಕ್ ಆಗಿದ್ದರೂ ತೊಂದರೆಯಿಲ್ಲ, ಆದರೆ ಅದಕ್ಕೊಂದು ಮಿತಿಯಿದೆ. ಶಟರ್‌ಸ್ಟಾಕಿನ ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಮುದ್ರಣಕ್ಕೆ 5 ಲಕ್ಷ ಪ್ರತಿಗಳು. ದಿನಕ್ಕೆ 500 ಪೊಟ್ಟಣ ಮಾರಿದರೆ 1,000 ದಿನ, ಅಂದರೆ ಮೂರು ವರ್ಷ ತುಂಬುವ ಮೊದಲೇ ಮುಗಿಯಿತು. ಅಷ್ಟರಲ್ಲಿ ಡಿಸೈನರ್ ಎಲ್ಲಿರುತ್ತಾಳೋ, ಅವಳ ಖಾತೆ ಚಾಲ್ತಿಯಲ್ಲಿರುತ್ತದೋ ಯಾರು ಬಲ್ಲರು. ಆದ್ದರಿಂದ ಲೈಸೆನ್ಸನ್ನು ಕುಟುಂಬದ ಹೆಸರಿನಲ್ಲೇ ಕೊಳ್ಳುವುದು ಸರಿ. ಅದಾಗದಿದ್ದರೆ ಚಿತ್ರದ ಸಂಖ್ಯೆ, ಕೊಂಡ ದಿನಾಂಕ, ರಸೀದಿ ಮೂರನ್ನೂ ಕೇಳಿ ಇಟ್ಟುಕೊಳ್ಳಬೇಕು. ಮೂಲ ಫೈಲಿನ ಜೊತೆ ಬಂದ ಚಿತ್ರಗಳ ಹೆಸರು ನೋಡಿದರೆ ಸುಳಿವು ಸಿಗುತ್ತದೆ: `shutterstock_` ಅಥವಾ `AdobeStock_` ಎಂದು ಶುರುವಾಗಿ ಮುಂದೆ ಉದ್ದದ ಸಂಖ್ಯೆಯಿದ್ದರೆ ಅದು ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಇಲ್ಲ, ರಸೀದಿ ಎಲ್ಲಿ ಎಂದು ಕೇಳಿದರಾಯಿತು.

ಫಾಂಟಿನ ಲೆಕ್ಕ ಬೇರೆ. ಫಾಂಟ್ ಫೈಲ್ ಎಂದರೆ ಒಂದು ಸಾಫ್ಟ್‌ವೇರ್. ಡಿಸೈನರ್ ಹಣ ಕೊಟ್ಟು ಕೊಂಡ ಫಾಂಟಿನ ಲೈಸೆನ್ಸ್ ಸಾಮಾನ್ಯವಾಗಿ ಅವಳ ಕಂಪ್ಯೂಟರಿಗೆ ಮಾತ್ರ. ಅಕ್ಷರಗಳನ್ನು `Create Outlines` ಒತ್ತಿ ಗೆರೆಗಳಾಗಿಸಿ ಪ್ರೆಸ್ಸಿಗೆ ಕಳಿಸಿದರೆ ಫಾಂಟ್ ಫೈಲ್ ಯಾರಿಗೂ ಕೊಡಬೇಕಾಗಿಲ್ಲ. ಕಿರಿಕಿರಿ ಶುರುವಾಗುವುದು ಆರು ತಿಂಗಳ ನಂತರ, ಎಂಆರ್‌ಪಿ ಬದಲಾದಾಗ. ಗೆರೆಗಳಾದ ಅಕ್ಷರವನ್ನು ತಿದ್ದಲಾಗದು. ತಿದ್ದಬಹುದಾದ ಫೈಲ್ ಕೇಳಿದರೆ ಜೊತೆಗೆ ಫಾಂಟೂ ಬೇಕು. ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಲೈಸೆನ್ಸ್ ಮುರಿದಂತೆ. ಕುಟುಂಬ ತನ್ನದೇ ಲೈಸೆನ್ಸ್ ಕೊಳ್ಳಬೇಕು. ಇಲ್ಲವೇ ಮೊದಲಿನಿಂದಲೇ ಅನೆಕ್ ಕನ್ನಡ, ಬಲೂ ತಮ್ಮ 2ರಂಥ ಮುಕ್ತ ಫಾಂಟ್ ಆರಿಸಬೇಕು. ಇವು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ವ್ಯಾಪಾರಕ್ಕೆ ಬಳಸಬಹುದು, ಲೈಸೆನ್ಸ್ ಪಠ್ಯ ಜೊತೆಗಿಟ್ಟು ಫೈಲನ್ನೂ ಕೊಡಬಹುದು, ಫಾಂಟನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಕೈಗೆ ಬಂದ ಪಿಡಿಎಫ್‌ನಲ್ಲಿ ಯಾವ ಫಾಂಟ್ ಇದೆ ಎಂದು ತಿಳಿಯಲು ಅಕ್ರೊಬ್ಯಾಟ್ ರೀಡರಿನಲ್ಲಿ ಫೈಲ್ ತೆರೆದು `Properties` ಒಳಗಿನ `Fonts` ನೋಡಿ. ಪಟ್ಟಿ ಖಾಲಿಯಿದ್ದರೆ ಅಕ್ಷರಗಳು ಗೆರೆಗಳಾಗಿವೆ ಅಥವಾ ಇಡೀ ಪುಟ ಚಿತ್ರವಾಗಿದೆ ಎಂದರ್ಥ.

ಕೊನೆಗೆ ರಂಗೋಲಿ ಅಂಚು. ಇದನ್ನು ಡಿಸೈನರಳೇ ಎರಡು ವರ್ಷದ ಹಿಂದೆ ಬರೆದು, ಜೇನು, ಹಪ್ಪಳ, ಉಪ್ಪಿನಕಾಯಿ ಲೇಬಲ್ಲುಗಳಿಗೆಲ್ಲ ಬಳಸುತ್ತಿರುವ ತನ್ನ ಟೆಂಪ್ಲೇಟಿನಿಂದ ತೆಗೆದಿದ್ದಾಳೆ. ಇದರಲ್ಲಿ ತಪ್ಪೇನೂ ಇಲ್ಲ, ಆ ಬೆಲೆಗೆ ಕೆಲಸ ಸಾಧ್ಯವಾಗುವುದೇ ಹೀಗೆ. ಆದರೆ 'ಲೇಬಲ್ಲಿನ ಎಲ್ಲ ಹಕ್ಕೂ ನಿಮ್ಮದು' ಎಂದು ಸಾರಿನ ಪುಡಿಯವರಿಗೆ ಸಹಿ ಹಾಕಿಕೊಟ್ಟರೆ ಅಂಚೂ ಅದರಲ್ಲಿ ಹೋಯಿತು. ಮುಂದಿನ ತಿಂಗಳು ಬಂದ ಗ್ರಾಹಕರಿಗೆ ಅದೇ ಅಂಚು ಹಾಕಿದರೆ ತಾನೇ ಬರೆದದ್ದನ್ನು ತಾನೇ ಕದ್ದ ಆರೋಪಕ್ಕೆ ಅವಳು ಗುರಿಯಾಗುತ್ತಾಳೆ. ಇತ್ತ ಹಪ್ಪಳದವರಿಗೆ ಮೊದಲೇ ಅಂಥದ್ದೇ ಪತ್ರ ಕೊಟ್ಟಿದ್ದರೆ, ಸಾರಿನ ಪುಡಿಯವರಿಗೆ ಅಂಚನ್ನು ಕೊಡುವ ಅಧಿಕಾರವೇ ಅವಳಿಗೆ ಉಳಿದಿರುವುದಿಲ್ಲ.

ಹಾಗಾಗಿ ಪತ್ರದ ಜೊತೆ ಒಂದು ಹಾಳೆ ಬೇಕು. ಈ ಕುಟುಂಬದ ಮಟ್ಟಿಗೆ ಅದರಲ್ಲಿ ಇಷ್ಟಿರುತ್ತದೆ: ಹೊಸದಾಗಿ ಬರೆದ ಲೋಗೊ ಮತ್ತು ಲೇಬಲ್ಲಿನ ಜೋಡಣೆ ಪೂರ್ತಿ ವರ್ಗಾವಣೆ. ರಂಗೋಲಿ ಅಂಚು ಡಿಸೈನರಳದೇ, ಈ ಉತ್ಪನ್ನಗಳ ಮೇಲೆ ಶಾಶ್ವತವಾಗಿ ಬಳಸಲು ಕುಟುಂಬಕ್ಕೆ ಅನುಮತಿ. ಬಟ್ಟಲಿನ ಫೋಟೊ ಸ್ಟಾಕ್, ಇಂಥ ಸಂಖ್ಯೆ, 5 ಲಕ್ಷ ಪ್ರತಿಯ ಮಿತಿ. ಫಾಂಟ್ ಅನೆಕ್ ಕನ್ನಡ, ಲೈಸೆನ್ಸ್ ಪಠ್ಯ ಲಗತ್ತಿಸಿದೆ. ಅಂಚು ಕೂಡ ಬೇರೆ ಯಾರಲ್ಲೂ ಕಾಣಬಾರದು ಎಂದು ಕುಟುಂಬ ಬಯಸಿದರೆ ಅದನ್ನೂ ಹೊಸದಾಗಿ ಬರೆಸಬೇಕು, ಆಗ 15,000ಕ್ಕೆ ಕೆಲಸ ಮುಗಿಯುವುದಿಲ್ಲ.