ಕಾಗದದ ವಯಸ್ಸು, ಮೂಳೆಯ ವಯಸ್ಸು

ಮಗ ಶಾಲೆಯ ತಂಡದಿಂದ ಜಿಲ್ಲಾ ತಂಡಕ್ಕೆ, ಅಲ್ಲಿಂದ ರಾಜ್ಯ ತಂಡದ ಆಯ್ಕೆಗೆ ಹೋಗುತ್ತಾನೆ. ಅವನ ಆಟ ಚೆನ್ನಾಗಿದೆ, ಜನನ ಪ್ರಮಾಣಪತ್ರವೂ ಕೈಯಲ್ಲಿದೆ. ಆದರೂ ಅವನ ಎಡಗೈಯ ಎಕ್ಸ್‌ರೇ ತೆಗೆಯಬೇಕೆಂದು ಹೇಳುತ್ತಾರೆ. ಕೈಗೆ ಪೆಟ್ಟಾಗಿಲ್ಲ, ನೋವೂ ಇಲ್ಲ. ಹಾಗಿರುವಾಗ ಎಕ್ಸ್‌ರೇ ಯಾಕೆ ಎಂದು ಮನೆಯವರು ಕೇಳುವುದು ಸಹಜ. 16 ವರ್ಷದೊಳಗಿನವರ ಕ್ರಿಕೆಟ್‌ಗೆ ಮಕ್ಕಳನ್ನು ಕಳುಹಿಸುವ ಅನೇಕ ಹೆತ್ತವರಿಗೆ ಈ ಪ್ರಶ್ನೆ ಎದುರಾಗುತ್ತದೆ. ಆ ಎಕ್ಸ್‌ರೇಯಲ್ಲಿ ಏನು ನೋಡುತ್ತಾರೆ, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಹೆತ್ತವರು ತಿಳಿದಿರುವುದು ಒಳ್ಳೆಯದು.

ಒಂದು ದಿನದ ಅಂತರ

ಮಕ್ಕಳ ಆಟೋಟಗಳಲ್ಲಿ ವಯಸ್ಸಿನ ವಿಭಾಗಗಳನ್ನು ಮಾಡಿರುವುದು ನ್ಯಾಯಕ್ಕಾಗಿ. ಹದಿಮೂರರ ಹುಡುಗನನ್ನು ಹದಿನೇಳರ ಹುಡುಗನ ಎದುರು ನಿಲ್ಲಿಸಿದರೆ ಗೆಲ್ಲುವುದು ಪ್ರತಿಭೆಯಲ್ಲ, ತೋಳ್ಬಲ. ಹಾಗಾಗಿ ಒಂದು ತಾರೀಕನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಅಂತಾರಾಷ್ಟ್ರೀಯ ಫುಟ್ಬಾಲಿನಲ್ಲಿ ಈ ಗಡಿ ಜನವರಿ 1. ನಮ್ಮ ದೇಶದಲ್ಲಿಯೇ 2017ರಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 2000ದ ಜನವರಿ 1ರಂದು ಅಥವಾ ಆ ಬಳಿಕ ಹುಟ್ಟಿದವರು ಮಾತ್ರ ಆಡಬಹುದಿತ್ತು. ಭಾರತದ ಕ್ರಿಕೆಟ್ ಮಂಡಳಿಯಲ್ಲಿ ಲೆಕ್ಕದ ದಿನ ಸೆಪ್ಟೆಂಬರ್ 1.

ಈ ಗಡಿಯಲ್ಲಿಯೇ ಒಂದು ತೊಡಕಿದೆ. ಜನವರಿ 1ರಂದು ಹುಟ್ಟಿದ ಮಗು ಮತ್ತು ಅದೇ ವರ್ಷದ ಡಿಸೆಂಬರ್ 31ರಂದು ಹುಟ್ಟಿದ ಮಗು ಒಂದೇ ವಿಭಾಗದಲ್ಲಿ ಆಡುತ್ತವೆ. ಅವರ ನಡುವೆ ಹೆಚ್ಚು ಕಡಿಮೆ ಒಂದು ವರ್ಷದ ಬೆಳವಣಿಗೆಯ ಅಂತರವಿದೆ. ಡಿಸೆಂಬರ್ 31ರ ಮಗು ಒಂದೇ ಒಂದು ದಿನ ತಡವಾಗಿ ಹುಟ್ಟಿದ್ದರೆ ಮುಂದಿನ ವಿಭಾಗದಲ್ಲಿ ಎಲ್ಲರಿಗಿಂತ ದೊಡ್ಡವನಾಗಿರುತ್ತಿತ್ತು. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮ ದಿನಾಂಕಗಳನ್ನು ಪರಿಶೀಲಿಸಿದ ಸಂಶೋಧಕರು 1985ರಲ್ಲಿಯೇ ಇದನ್ನು ತೋರಿಸಿದ್ದರು. ಅಲ್ಲಿನ ಉನ್ನತ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. ಚಿಕ್ಕಂದಿನಲ್ಲಿ ತುಸು ದೊಡ್ಡವರಾಗಿದ್ದುದರಿಂದ ಅವರು ಬೇಗನೆ ಆಯ್ಕೆಯಾಗಿದ್ದರು, ಆಯ್ಕೆಯಾದುದರಿಂದ ಒಳ್ಳೆಯ ತರಬೇತಿ ಸಿಕ್ಕಿತ್ತು.

ಕೆಲವೇ ತಿಂಗಳ ಅಂತರ ಇಷ್ಟು ಲಾಭ ತರುವುದಾದರೆ ಎರಡು ವರ್ಷದ ಅಂತರ ಎಷ್ಟು ತರಬಹುದು? ವಯಸ್ಸಿನ ಮೋಸ ಹುಟ್ಟುವುದೇ ಈ ಲೆಕ್ಕಾಚಾರದಿಂದ. ರಾಜ್ಯ ತಂಡದಲ್ಲಿ ಸ್ಥಾನ, ಕ್ರೀಡಾ ಕೋಟಾದಲ್ಲಿ ಕಾಲೇಜಿನ ಸೀಟು, ಮುಂದೆ ನೌಕರಿ ಎಂಬ ಆಸೆ ಅದಕ್ಕೆ ನೀರೆರೆಯುತ್ತದೆ.

ಎಕ್ಸ್‌ರೇಯಲ್ಲಿ ಕಾಣುವುದೇನು?

ಮಕ್ಕಳ ಮೂಳೆ ದೊಡ್ಡವರ ಮೂಳೆಯ ಚಿಕ್ಕ ರೂಪವಲ್ಲ. ಬೆರಳಿನ ಮೂಳೆಯ ತುದಿಯಲ್ಲಿ ಚಿಕ್ಕದೊಂದು ಟೊಪ್ಪಿಯಂತಹ ತುಣುಕು ಬೇರೆಯಾಗಿಯೇ ಇರುತ್ತದೆ. ಟೊಪ್ಪಿಗೂ ಮೂಳೆಗೂ ನಡುವೆ ಮೃದ್ವಸ್ಥಿ ಇರುತ್ತದೆ, ಅಂದರೆ ನಮ್ಮ ಕಿವಿಯ ಮೇಲ್ಭಾಗದಂತೆ ಬಾಗುವ ಮೆತ್ತನೆಯ ಭಾಗ. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಅದರ ಜಾಗದಲ್ಲಿ ಕಪ್ಪು ಗೆರೆಯೊಂದು ಕಾಣುತ್ತದೆ. ಮಗು ಬೆಳೆದಂತೆ ಟೊಪ್ಪಿ ಅಗಲವಾಗುತ್ತದೆ, ಮೂಳೆಯ ತುದಿಯನ್ನು ಅಪ್ಪಿಕೊಳ್ಳುತ್ತದೆ, ಕೊನೆಗೆ ಮೂಳೆಯೊಂದಿಗೆ ಬೆಸೆದುಹೋಗುತ್ತದೆ. ಆಗ ಆ ಗೆರೆ ಮಾಯವಾಗುತ್ತದೆ, ಬೆಳವಣಿಗೆಯೂ ನಿಲ್ಲುತ್ತದೆ.

ಕ್ರಿಕೆಟ್ ಮಂಡಳಿ ಬಳಸುವ ಕ್ರಮಕ್ಕೆ ಟಿಡಬ್ಲ್ಯು3 ಎಂದು ಹೆಸರು. ಅದನ್ನು ರೂಪಿಸಿದ ಟ್ಯಾನರ್ ಮತ್ತು ವೈಟ್‌ಹೌಸ್ ಎಂಬಿಬ್ಬರ ಹೆಸರಿನ ಮೊದಲ ಅಕ್ಷರಗಳು ಅವು. ಎಡಗೈ ಮತ್ತು ಮಣಿಕಟ್ಟಿನ ಚಿತ್ರದಲ್ಲಿ 13 ಮೂಳೆಗಳನ್ನು ಒಂದೊಂದಾಗಿ ನೋಡುತ್ತಾರೆ. ಮುಂಗೈಯ ಎರಡು ಮೂಳೆಗಳ ತುದಿಗಳು ಮತ್ತು ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ಸಾಲಿನ 11 ಮೂಳೆಗಳು ಇದರಲ್ಲಿ ಸೇರುತ್ತವೆ. ಪ್ರತಿಯೊಂದೂ ಬೆಸುಗೆಯ ಯಾವ ಹಂತದಲ್ಲಿದೆ ಎಂದು ಗುರುತಿಸಿ ಅಂಕ ಕೊಡುತ್ತಾರೆ. ಎಲ್ಲವೂ ಪೂರ್ತಿ ಬೆಸೆದಿದ್ದರೆ ಒಟ್ಟು ಅಂಕ 1000. ಆ ಅಂಕವನ್ನು ಕೋಷ್ಟಕದಲ್ಲಿ ನೋಡಿ ಮೂಳೆಯ ವಯಸ್ಸನ್ನು ಹೇಳುತ್ತಾರೆ. ಹುಡುಗರಲ್ಲಿ 1000 ಅಂಕವೆಂದರೆ ಹದಿನಾರೂವರೆ ವರ್ಷ. ಹುಡುಗಿಯರು ಬೇಗ ಪ್ರಾಯಕ್ಕೆ ಬರುವುದರಿಂದ ಅವರಿಗೆ ಅದು 15 ವರ್ಷ. ಮಂಡಳಿಯು ಈ ಪರೀಕ್ಷೆಯನ್ನು ಹುಡುಗರ 16 ವರ್ಷದೊಳಗಿನ ಮತ್ತು ಹುಡುಗಿಯರ 15 ವರ್ಷದೊಳಗಿನ ವಿಭಾಗಗಳಿಗೆ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ಎಕ್ಸ್‌ರೇ ಎಂದೊಡನೆ ತಾಯಂದಿರಿಗೆ ಭಯ. ಆದರೆ ಕೈಯ ಒಂದು ಚಿತ್ರದಿಂದ ದೇಹಕ್ಕೆ ತಗಲುವ ವಿಕಿರಣ ಬಹಳ ಕಡಿಮೆ. ಮಣ್ಣು, ಗಾಳಿ, ಆಕಾಶಗಳಿಂದ ನಾವೆಲ್ಲರೂ ದಿನವೊಂದರಲ್ಲಿ ಪಡೆಯುವುದಕ್ಕಿಂತಲೂ ಅದು ಕಡಿಮೆ. ಆದರೂ ಕಾಯಿಲೆಯಿಲ್ಲದ ಮಗುವಿಗೆ ಎಕ್ಸ್‌ರೇ ಬೇಡ ಎಂಬ ಅಭಿಪ್ರಾಯ ವೈದ್ಯರಲ್ಲಿದೆ. ಹೀಗಾಗಿ ಫುಟ್ಬಾಲಿನ ಜಾಗತಿಕ ಸಂಸ್ಥೆ ಫಿಫಾ 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಎಂಆರ್‌ಐ ಬಳಸತೊಡಗಿತು. ಅದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಮಣಿಕಟ್ಟಿನ ದೊಡ್ಡ ಮೂಳೆಯ ತುದಿ ಪೂರ್ತಿ ಬೆಸೆದಿದೆಯೇ ಎಂಬುದನ್ನಷ್ಟೇ ಅಲ್ಲಿ ನೋಡುತ್ತಾರೆ. ಬೆಸೆದಿದ್ದರೆ ಆ ಹುಡುಗ ಹದಿನೇಳನ್ನು ದಾಟಿರುವ ಸಂಭವ ಬಹಳ ಹೆಚ್ಚು.

ನಾಲ್ವರು ಹುಡುಗರು

ಈಗ ಒಂದು ಉದಾಹರಣೆ ನೋಡೋಣ. 16 ವರ್ಷದೊಳಗಿನ ತಂಡದ ಆಯ್ಕೆಗೆ ನಾಲ್ವರು ಬಂದಿದ್ದಾರೆಂದು ಭಾವಿಸಿ. ನಾಲ್ವರ ಕಾಗದದಲ್ಲಿಯೂ 15 ವರ್ಷ ಎಂದೇ ಇದೆ.

ಮೊದಲನೆಯವನಿಗೆ ನಿಜವಾಗಿಯೂ 15. ಅವನ ಮೂಳೆಯ ವಯಸ್ಸು 14.8 ಬಂತು. ಅವನು ತಂಡಕ್ಕೆ ಅರ್ಹ. ಎರಡನೆಯವನಿಗೆ ನಿಜವಾಗಿ ಹದಿನೇಳೂವರೆ. ಅವನ ಮೂಳೆಗಳೆಲ್ಲ ಬೆಸೆದಿವೆ, ಅಂಕ 1000. ಅವನು ಹೊರಕ್ಕೆ. ಪರೀಕ್ಷೆ ಇರುವುದೇ ಇಂಥವನಿಗಾಗಿ.

ಮೂರನೆಯವನಿಗೂ ನಿಜವಾಗಿ 15. ಆದರೆ ಹನ್ನೊಂದರಲ್ಲಿಯೇ ಅವನ ದನಿ ಒಡೆದಿತ್ತು, ಹನ್ನೆರಡರಲ್ಲಿ ಮೀಸೆ ಚಿಗುರಿತ್ತು. ಬೇಗ ಪ್ರಾಯಕ್ಕೆ ಬಂದ ಅವನ ಮೂಳೆಗಳೂ ಬೇಗ ಬೆಸೆದವು. ಅವನ ಅಂಕವೂ 1000. ಪ್ರಮಾಣಪತ್ರ ಅಪ್ಪಟ ನಿಜವಾಗಿದ್ದರೂ ಅವನು ಹೊರಕ್ಕೆ. ನಾಲ್ಕನೆಯವನಿಗೆ 17 ತುಂಬಿದೆ, ಕಾಗದ ಸುಳ್ಳು. ಆದರೆ ಅವನದು ನಿಧಾನದ ಬೆಳವಣಿಗೆ. ಮೂಳೆಯ ವಯಸ್ಸು 16.2 ಬಂತು, ಅವನು ಒಳಕ್ಕೆ.

ಪರೀಕ್ಷೆ ಯಂತ್ರದ ಕೆಟ್ಟ ಕೆಲಸದಿಂದ ಹೀಗಾಗುವುದಿಲ್ಲ. ಎಕ್ಸ್‌ರೇ ಅಳೆಯುವುದು ದೇಹ ಎಷ್ಟು ಮಾಗಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ಆರೋಗ್ಯವಂತ ಮಕ್ಕಳಲ್ಲಿ ಮೂಳೆಯ ವಯಸ್ಸು ನಿಜವಾದ ವಯಸ್ಸಿಗಿಂತ ಒಂದು ವರ್ಷ ಹಿಂದೆ ಮುಂದೆ ಇರುವುದು ತೀರಾ ಸಾಮಾನ್ಯ. ಎರಡು ವರ್ಷದ ಅಂತರವೂ ಕೆಲವರಲ್ಲಿ ಇರುತ್ತದೆ. ಪೋಷಣೆ ಸಾಲದ ಮಕ್ಕಳಲ್ಲಿ, ಥೈರಾಯ್ಡ್ ಕೊರತೆಯಿರುವವರಲ್ಲಿ ಮೂಳೆ ಹಿಂದೆ ಬೀಳುತ್ತದೆ. ಅಕಾಲಿಕವಾಗಿ ಪ್ರಾಯಕ್ಕೆ ಬಂದವರಲ್ಲಿ ಮುಂದೆ ಓಡುತ್ತದೆ.

ಇನ್ನೊಂದು ಮಿತಿಯೂ ಇದೆ. ಮೂಳೆಗಳು ಪೂರ್ತಿ ಬೆಸೆದ ಮೇಲೆ ಈ ಕೈಯ ಚಿತ್ರದಲ್ಲಿ ಹದಿನೆಂಟರವನನ್ನೂ ಇಪ್ಪತ್ತೆರಡರವನನ್ನೂ ಬೇರ್ಪಡಿಸಲು ಬರುವುದಿಲ್ಲ. 19 ವರ್ಷದೊಳಗಿನವರ ವಿಭಾಗದಲ್ಲಿ ಇದು ನಿರುಪಯೋಗಿ. ಅಲ್ಲಿ ಮತ್ತೆ ಕಾಗದವನ್ನೇ ನಂಬಬೇಕು.

ಲೆಕ್ಕದಿಂದಲೂ ಅನ್ಯಾಯವಾಗಬಹುದು. ಒಮ್ಮೆ ಪರೀಕ್ಷೆ ಆದ ಹುಡುಗನ ಮೂಳೆಯ ವಯಸ್ಸಿಗೆ ಮರುವರ್ಷ ಒಂದನ್ನು ಕೂಡಿಸಿ ಅರ್ಹತೆ ನಿರ್ಧರಿಸುವ ಕ್ರಮವಿತ್ತು. ಈ ವರ್ಷ 15.4 ಇದ್ದವನು ಮರುವರ್ಷ 16.4 ಆಗಿ ಉಳಿಯುತ್ತಾನೆ. 15.6 ಇದ್ದವನು 16.6 ಆಗಿ ಹೊರಬೀಳುತ್ತಾನೆ. ಆದರೆ ಮೂಳೆ ಕ್ಯಾಲೆಂಡರ್ ನೋಡಿ ಬೆಳೆಯುವುದಿಲ್ಲವಲ್ಲ? ಕೂಡಿಸುವ ಲೆಕ್ಕದಿಂದ ಯಾರೂ ಅವಕಾಶ ಕಳೆದುಕೊಳ್ಳಬಾರದೆಂದು ಮಂಡಳಿಯು 2025ರಲ್ಲಿ ಎರಡನೆಯ ಪರೀಕ್ಷೆಗೆ ಅವಕಾಶ ಮಾಡಿಕೊಟ್ಟಿತು.

ಬುಡದಲ್ಲಿರುವುದು ಕಾಗದ

ಇಷ್ಟು ಮಿತಿಗಳಿರುವ ಪರೀಕ್ಷೆ ಏಕೆ ಬೇಕು? ಕಾಗದಗಳ ಮೇಲಿನ ನಂಬಿಕೆ ಕುಸಿದಿರುವುದೇ ಇದಕ್ಕೆ ಕಾರಣ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನ ಜೂನ್ 1 ಎಂದಿರುವುದನ್ನು ನೀವು ಗಮನಿಸಿರಬಹುದು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಕು ಅದು. ಕೆಲವು ಮನೆಗಳಲ್ಲಿ ಮಗು ಇಂಥ ರಮಝಾನ್‌ನಲ್ಲಿ ಹುಟ್ಟಿತು ಎಂದು ನೆನಪಿಟ್ಟುಕೊಳ್ಳುತ್ತಿದ್ದರು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು. ರಮಝಾನ್‌ಗಳನ್ನು ಎಣಿಸಿ 16 ಎಂದ ಹುಡುಗನಿಗೆ ಸರಕಾರದ ಲೆಕ್ಕದಲ್ಲಿ ಇನ್ನೂ ಹದಿನೈದೂವರೆ. ಅವು ಮೋಸವಲ್ಲ, ಬರೆದಿಡದ ಕಾಲದ ಅಂದಾಜುಗಳು. ಆದರೆ ಆ ಅಂದಾಜಿನ ಮರೆಯಲ್ಲಿಯೇ ಮೋಸವೂ ಅಡಗಿಕೊಂಡಿತು.

ಕಾನೂನಿನ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜೊತೆಗೆ ನೋಂದಣಿಯಾದ ದಿನಾಂಕವೂ ಇರುತ್ತದೆ. ಪರಿಶೀಲಿಸುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಮಗುವಿಗೆ ಹನ್ನೆರಡಾದಾಗ, ಆಯ್ಕೆಗೆ ಸ್ವಲ್ಪ ಮುಂಚೆ ನೋಂದಣಿಯಾಗಿದ್ದರೆ ಸಂಶಯ ಬಂದೇ ಬರುತ್ತದೆ. ಮೊದಲ ತರಗತಿಯ ದಾಖಲಾತಿ ಪುಸ್ತಕ, ಅಕ್ಕ ತಂಗಿ, ಅಣ್ಣ ತಮ್ಮಂದಿರ ಜನ್ಮ ದಿನಾಂಕಗಳು ತಾಳೆಯಾಗದಿದ್ದರೂ ಅಷ್ಟೆ. ತಮ್ಮನ ಪ್ರಮಾಣಪತ್ರವನ್ನು ಅಣ್ಣನಿಗೆ ಕೊಟ್ಟ ಮನೆಯಲ್ಲಿ ಇಬ್ಬರು ಮಕ್ಕಳ ನಡುವೆ ನಾಲ್ಕೇ ತಿಂಗಳ ಅಂತರ ಕಾಣಿಸಿಕೊಂಡರೆ ಏನು ಉತ್ತರ ಕೊಡುವುದು?

2020ರಲ್ಲಿ ಕ್ರಿಕೆಟ್ ಮಂಡಳಿಯು ಆಟಗಾರರಿಗೆ ಒಂದು ಅವಕಾಶ ನೀಡಿತ್ತು. ಸೆಪ್ಟೆಂಬರ್ 15ರೊಳಗೆ ನಿಜವಾದ ವಯಸ್ಸನ್ನು ತಾವಾಗಿ ತಿಳಿಸಿದವರಿಗೆ ಶಿಕ್ಷೆಯಿಲ್ಲ, ತಮ್ಮ ವಯಸ್ಸಿನ ವಿಭಾಗದಲ್ಲಿ ಆಡಬಹುದು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದಿತ್ತು.

ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುತ್ತಾ ಈ ವಿಷಯವನ್ನು ಎತ್ತಿದ್ದರು. ತಂದೆ ತಾಯಿ ಮತ್ತು ತರಬೇತುದಾರರೇ ಸುಳ್ಳು ಪ್ರಮಾಣಪತ್ರ ಮಾಡಿಸುವುದನ್ನು ನೋಡುವ ಮಗು ಏನು ಕಲಿಯುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹದಿನಾಲ್ಕರಲ್ಲಿ ವಯಸ್ಸಿನ ವಿಷಯದಲ್ಲಿ ಮಾಡಿದ ಮೋಸಕ್ಕೂ ಇಪ್ಪತ್ತೈದರಲ್ಲಿ ಪಂದ್ಯದಲ್ಲಿ ಮಾಡುವ ಮೋಸಕ್ಕೂ ವ್ಯತ್ಯಾಸವೇನು ಎಂದೂ ಅವರು ಕೇಳಿದ್ದರು.

ಸುಳ್ಳು ವಯಸ್ಸಿನವನು ತಂಡ ಸೇರಿದಾಗ ಒಂದು ಸ್ಥಾನ ತುಂಬುತ್ತದೆ. ಆ ಸ್ಥಾನ ಮೇಲಿನ ಉದಾಹರಣೆಯ ಮೊದಲನೆಯ ಹುಡುಗನಂತಹ ಒಬ್ಬನದು. ಇಂತಹ ಮೋಸ ಹೆಚ್ಚಾದಷ್ಟು ಪರೀಕ್ಷೆ ಬಿಗಿಯಾಗುತ್ತದೆ, ಬಿಗಿಯಾದಷ್ಟು ಮೂರನೆಯ ಹುಡುಗನಂತಹವರು ತಪ್ಪಿಲ್ಲದೆ ಹೊರಬೀಳುತ್ತಾರೆ. ಅಂತಹ ಮಗನಿರುವ ಮನೆಯವರು ಅವನನ್ನು ಸುಳ್ಳುಗಾರನೆಂಬಂತೆ ನೋಡಲು ಯಾರಿಗೂ ಬಿಡಬಾರದು. ಅವನ ಮೂಳೆ ಬೇಗ ಮಾಗಿತು, ಅಷ್ಟೆ. ಹಿರಿಯರ ವಿಭಾಗದಲ್ಲಿ ಮೂಳೆಯ ಪರೀಕ್ಷೆಯಿಲ್ಲ, ಅಲ್ಲಿ ಅವನ ಬ್ಯಾಟು ಚೆಂಡುಗಳೇ ಮಾತನಾಡುತ್ತವೆ. ಹುಟ್ಟಿದ ಮೂರು ವಾರದೊಳಗೆ ಬರೆಸಿಟ್ಟ ಆ ಒಂದು ಹಾಳೆ ಅಲ್ಲಿಯವರೆಗೂ ಅವನ ಪರವಾಗಿ ನಿಲ್ಲುತ್ತದೆ.