ಅನುಮತಿ ಬೇಡ, ಮೂರು ತಿಂಗಳ ಪ್ರಯೋಗ ಕೇಳಿ

‘ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡಲಾ ಸಾರ್?’ ಎಂದು ಕೇಳುವವರು ಸಾಮಾನ್ಯವಾಗಿ ತಮ್ಮ ಕಷ್ಟವನ್ನು ಮುಂದಿಡುತ್ತಾರೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಮಗುವಿನ ಶಾಲೆ, ವಯಸ್ಸಾದ ಅಪ್ಪ. ಮ್ಯಾನೇಜರಿಗೆ ಆ ಕಷ್ಟ ಗೊತ್ತಿಲ್ಲದ್ದೇನಲ್ಲ. ಅವರ ಅಳುಕೇ ಬೇರೆ. ಒಮ್ಮೆ ಕೊಟ್ಟದ್ದನ್ನು ಹಿಂದೆ ಪಡೆಯುವುದು ಹೇಗೆ? ಕೆಲಸ ಕೆಟ್ಟರೆ ಮೇಲಿನವರಿಗೆ ಏನು ಹೇಳುವುದು? ಈ ಎರಡಕ್ಕೂ ಉತ್ತರವಿಲ್ಲದ ಮನವಿ ಎಷ್ಟೇ ನ್ಯಾಯವಾಗಿದ್ದರೂ ಮೇಜಿನ ಮೇಲೇ ಉಳಿಯುತ್ತದೆ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಮನವಿ ಸಲ್ಲಿಸುವ ಹಕ್ಕು ನೌಕರರಿಗಿದೆ. ನಮ್ಮಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಹಕ್ಕಿಲ್ಲ. ಹೆರಿಗೆ ರಜೆ ಮುಗಿಸಿದ ತಾಯಿ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರೊಂದಿಗೆ ಮಾತಾಡಿಕೊಂಡು ಮನೆಯಿಂದ ದುಡಿಯಬಹುದು ಎಂದು 2017ರ ತಿದ್ದುಪಡಿ ಹೇಳಿತು. ಉಳಿದವರಿಗೆ ಇರುವ ದಾರಿ ಮನವೊಲಿಸುವುದೊಂದೇ. ಹಾಗಾಗಿ ಪತ್ರವನ್ನು ಹೇಗೆ ಬರೆಯುತ್ತೇವೆ ಎಂಬುದಕ್ಕೆ ಇಲ್ಲಿ ತೂಕ ಹೆಚ್ಚು.

ಮ್ಯಾನೇಜರ ಅನುಮಾನವನ್ನು ನೇರವಾಗಿ ಪರೀಕ್ಷಿಸಿದ ಅಧ್ಯಯನವೊಂದಿದೆ. ಚೀನಾದ ಪ್ರವಾಸ ಸಂಸ್ಥೆ ಟ್ರಿಪ್.ಕಾಮ್‌ನಲ್ಲಿ ಸ್ಟ್ಯಾನ್‌ಫೋರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 1,612 ಉದ್ಯೋಗಿಗಳನ್ನು ಹುಟ್ಟಿದ ದಿನಾಂಕ ಸಮವೋ ಬೆಸವೋ ಎಂದು ನೋಡಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬುಧವಾರ ಮತ್ತು ಶುಕ್ರವಾರ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಆಫೀಸು. ಹೀಗೆ ಆರು ತಿಂಗಳು ನಡೆಯಿತು. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮನೆಯಿಂದಲೂ ದುಡಿದವರಲ್ಲಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಉತ್ಪಾದಕತೆ ಶೇ 2.6ರಷ್ಟು ಕುಸಿಯುತ್ತದೆ ಎಂದು ಮೊದಲು ಅಂದಾಜಿಸಿದ್ದ ಮ್ಯಾನೇಜರುಗಳು, ಕೊನೆಗೆ ಶೇ 1ರಷ್ಟು ಏರಿದೆ ಎಂದರು. ಅವರ ಅಭಿಪ್ರಾಯ ಬದಲಾದದ್ದು ಕಣ್ಣಾರೆ ಕಂಡ ಮೇಲೆ.

ಇದೇ ಸಂಸ್ಥೆಯ 2010–11ರ ಮೊದಲ ಪ್ರಯೋಗದ ಕಥೆಯನ್ನೂ ಪೂರ್ತಿಯಾಗಿ ಹೇಳಬೇಕು. ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದ ಕಾಲ್ ಸೆಂಟರ್ ಸಿಬ್ಬಂದಿಯ ಸಾಧನೆ ಶೇ 13ರಷ್ಟು ಏರಿತ್ತು. ಆದರೂ ಅವರಲ್ಲಿ ಸುಮಾರು ಅರ್ಧದಷ್ಟು ಜನ ಆಮೇಲೆ ಆಫೀಸಿಗೇ ಮರಳಿದರು. ಒಂಟಿತನ ಅದಕ್ಕೆ ಮುಖ್ಯ ಕಾರಣ. ಅಷ್ಟೇ ಚೆನ್ನಾಗಿ ದುಡಿದರೂ ಅವರಿಗೆ ಬಡ್ತಿ ಸಿಗುವ ಸಾಧ್ಯತೆ ಕಡಿಮೆಯಾಗಿತ್ತು. ಮನವಿ ಬರೆಯುವವರು ಈ ಭಾಗವನ್ನು ಮುಚ್ಚಿಡಬಾರದು. ಕಾವಲಿನ ನಿಯಮಗಳು ಯಾಕೆ ಬೇಕು ಎಂಬುದಕ್ಕೆ ಕಾರಣ ಅಲ್ಲೇ ಇದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ವೈಟ್‌ಫೀಲ್ಡಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಎಂಟು ಜನ. ಪೂರೈಕೆದಾರರಿಂದ ಬರುವ ಬಿಲ್ಲುಗಳನ್ನು ಪರಿಶೀಲಿಸಿ ಹಣ ಪಾವತಿಸುವುದು ಅವರ ಕೆಲಸ. ತಿಂಗಳಿಗೆ ಸುಮಾರು 600 ಬಿಲ್. ಅವರ ಕೋರಿಕೆ ಇಷ್ಟು: ಇಷ್ಟಪಟ್ಟವರಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಎಲ್ಲರೂ ಫೋನಿಗೆ ಸಿಗಬೇಕು, ಉಳಿದ ಗಂಟೆಗಳನ್ನು ಅವರವರು ಹೊಂದಿಸಿಕೊಳ್ಳಬಹುದು. ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರಯೋಗ. ಅದು ತಾನಾಗಿಯೇ ಮುಂದುವರಿಯುವುದಿಲ್ಲ. ಹೊಸ ತೀರ್ಮಾನವಾಗದಿದ್ದರೆ ಅಕ್ಟೋಬರ್ 1ಕ್ಕೆ ಎಲ್ಲರೂ ಹಳೆಯ ಪದ್ಧತಿಗೆ. ಮ್ಯಾನೇಜರ ಮೊದಲ ಅಳುಕಿಗೆ ಈ ಒಂದು ಸಾಲೇ ಉತ್ತರ.

ಅವಧಿಯನ್ನು ವಾರಗಳಲ್ಲಿ ಹೇಳದೆ ತಿಂಗಳಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಲೆಕ್ಕ ವಿಭಾಗದ ಕೆಲಸ ತಿಂಗಳ ಗಡುವುಗಳಿಗೆ ಕಟ್ಟಿಕೊಂಡದ್ದು. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಹಾಗಾಗಿ ಮೊದಲು ಮೇ, ಜೂನ್ ಎರಡು ತಿಂಗಳು ಏನನ್ನೂ ಬದಲಿಸದೆ ಈಗಿನ ಸ್ಥಿತಿಯನ್ನು ಅಳೆದಿಡಬೇಕು. ಹೆಚ್ಚಿನ ಮನವಿಗಳು ಬಿಟ್ಟುಬಿಡುವ ಹೆಜ್ಜೆ ಇದು. ಮೊದಲಿನ ಅಳತೆಯಿಲ್ಲದಿದ್ದರೆ ಆಗಸ್ಟಿನಲ್ಲಿ ಬರುವ ಪ್ರತಿ ತಪ್ಪೂ ‘ಮನೆಯಿಂದ ಮಾಡಿದ್ದಕ್ಕೇ ಆಯಿತು’ ಎಂಬ ಲೆಕ್ಕಕ್ಕೆ ಸೇರುತ್ತದೆ. ಸೆಪ್ಟೆಂಬರಿನಲ್ಲಿ ತೆರಿಗೆ ಆಡಿಟ್ಟಿನ ಒತ್ತಡವೂ ಇರುವುದರಿಂದ ಅದನ್ನು ಜೂನಿನ ಜೊತೆಗಲ್ಲ, ಹಿಂದಿನ ವರ್ಷದ ಸೆಪ್ಟೆಂಬರಿನ ಜೊತೆ ಹೋಲಿಸಬೇಕು.

ಅಳತೆಗಳು ಮೂರಿದ್ದರೆ ಸಾಕು. ಬಿಲ್ ಬಂದ ದಿನದಿಂದ ಪಾವತಿಗೆ ಸಿದ್ಧವಾಗಲು ಎಷ್ಟು ದಿನ ಹಿಡಿಯಿತು. ನೂರು ಬಿಲ್ಲಿಗೆ ಎಷ್ಟು ತಪ್ಪು. ಪೂರೈಕೆದಾರರ ವಿಚಾರಣೆಗಳಲ್ಲಿ ಎಷ್ಟಕ್ಕೆ ಅದೇ ದಿನ ಉತ್ತರ ಹೋಯಿತು. ಮೇ–ಜೂನ್‌ನಲ್ಲಿ ಸರಾಸರಿ 4 ದಿನ, ನೂರಕ್ಕೆ 2 ತಪ್ಪು ಬಂತು ಎಂದುಕೊಳ್ಳಿ. ಆಗ ಪತ್ರದಲ್ಲಿ ಮೊದಲೇ ಬರೆದಿಡಬೇಕು: ಯಾವುದೇ ತಿಂಗಳಲ್ಲಿ ಸರಾಸರಿ 5 ದಿನ ದಾಟಿದರೆ, ಅಥವಾ ತಪ್ಪು ನೂರಕ್ಕೆ 3 ಮುಟ್ಟಿದರೆ ಪ್ರಯೋಗ ನಿಲ್ಲಿಸಿ ಕಾರಣ ಹುಡುಕುತ್ತೇವೆ. ಈ ಗೆರೆಯನ್ನು ವಾರದ ಲೆಕ್ಕಕ್ಕೆ ಇಡಬಾರದು. ವಾರಕ್ಕೆ 150 ಬಿಲ್ ಎಂದರೆ ಸಾಮಾನ್ಯವಾಗಿ 3 ತಪ್ಪು. ಅದು ಒಂದು ವಾರ 5 ಆಗುವುದು, ಇನ್ನೊಂದು ವಾರ 1 ಆಗುವುದು ಬರೀ ಆಕಸ್ಮಿಕವಿರಬಹುದು. ತಿಂಗಳ 600ರಲ್ಲಿ 12 ಇದ್ದದ್ದು 18 ಆದರೆ ನಿಂತು ನೋಡಲೇಬೇಕು.

ಅಂಕಿಗೆ ಸಿಗದ ಅಪಾಯವೊಂದಿದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಈ ನಂಬರಿಗೆ ಹಣ ಹಾಕಿ’ ಎಂದು ಪೂರೈಕೆದಾರರ ಹೆಸರಿನಲ್ಲಿ ಬರುವ ನಕಲಿ ಇಮೇಲ್ ಈ ವಿಭಾಗದ ದೊಡ್ಡ ಶತ್ರು. ಆಫೀಸಿನಲ್ಲಿ ಪಕ್ಕದ ಕುರ್ಚಿಯವರನ್ನು ‘ಇದು ನಿಜವಾ ನೋಡಿ’ ಎಂದು ಕೇಳುತ್ತೇವೆ. ಮನೆಯಲ್ಲಿ ಆ ಪಕ್ಕದ ಕುರ್ಚಿ ಇಲ್ಲ. ಆದ್ದರಿಂದ ನಿಯಮ ಬೇಕು: ಖಾತೆ ಬದಲಾವಣೆ ಬಂದರೆ ಇಮೇಲಿನಲ್ಲಿರುವ ನಂಬರಿಗಲ್ಲ, ನಮ್ಮ ಕಡತದಲ್ಲಿರುವ ಹಳೆಯ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ಪಾವತಿ ನಮೂದಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಒಟಿಪಿಯನ್ನು ವಾಟ್ಸಾಪಿನಲ್ಲಿ ಕಳಿಸಿ ಈ ವ್ಯವಸ್ಥೆಯನ್ನು ಮುರಿಯುವಂತಿಲ್ಲ. ಡಿಜಿಟಲ್ ಸಹಿಯ ಪೆನ್ ಡ್ರೈವ್ ಯಾರ ಬಳಿ ಇರುತ್ತದೆ ಎಂಬುದೂ ಪತ್ರದಲ್ಲಿರಲಿ, ಇಲ್ಲವಾದರೆ ಗಡುವಿನ ದಿನ ಅದು ಯಾರದೋ ಮನೆಯಲ್ಲಿರುತ್ತದೆ. ಕಾಗದದ ಬಿಲ್ಲುಗಳನ್ನು ಸ್ಕ್ಯಾನ್ ಮಾಡಲು ಪ್ರತಿದಿನ ಇಬ್ಬರು ಆಫೀಸಿನಲ್ಲಿರಬೇಕು. ಈ ಸರದಿ ತಿರುಗದಿದ್ದರೆ ದಿನವೂ ಬರುವ ಒಬ್ಬಿಬ್ಬರ ಮೇಲೆ ಎಲ್ಲರ ಹೊರೆ ಬೀಳುತ್ತದೆ.

ಉದ್ಯೋಗಿಯ ಕಡೆಗೂ ಕಾವಲು ಬೇಕು. ಒಂದೇ ಕೋಣೆಯ ಮನೆಯಲ್ಲಿರುವವರಿಗೆ ಆಫೀಸೇ ನೆಮ್ಮದಿ, ಅವರ ಕುರ್ಚಿ ಅವರಿಗಿರಲಿ. ಕ್ಯಾಮೆರಾ ಹಾಕಿ, ಮೌಸ್ ಅಲುಗಾಟ ಎಣಿಸಿ ಕಾಯುವುದು ಬೇಡ, ಕೆಲಸವನ್ನೇ ಅಳೆಯುತ್ತಿದ್ದೇವಲ್ಲ. ಸಂಜೆ 7ರ ನಂತರದ ಸಂದೇಶಕ್ಕೆ ಮರುದಿನ ಉತ್ತರಿಸಿದರೆ ಸಾಕು. ವರ್ಷದ ಮೌಲ್ಯಮಾಪನದಲ್ಲಿ ಯಾರು ಎಷ್ಟು ದಿನ ಕಣ್ಣಿಗೆ ಬಿದ್ದರು ಎಂಬುದು ಸೇರಬಾರದು.

ಪ್ರತಿ ತಿಂಗಳ ಕೊನೆಗೆ ಅರ್ಧ ಗಂಟೆ ಕೂತು ಮೂರು ಅಂಕಿಗಳನ್ನು ಹಿಂದಿನವುಗಳ ಪಕ್ಕ ಇಡಬೇಕು. ಆಫೀಸಿಗೇ ಬರುವವರನ್ನೂ, ಬಿಲ್ ಕಳಿಸುವ ಇತರ ವಿಭಾಗಗಳನ್ನೂ ಕೇಳಬೇಕು; ತೊಂದರೆ ಮೊದಲು ಗೊತ್ತಾಗುವುದು ಅವರಿಗೆ. ಮೂರನೇ ಸಭೆಯಲ್ಲಿ ತೀರ್ಮಾನ: ಮುಂದುವರಿಸುವುದು, ತಿದ್ದಿ ಮುಂದುವರಿಸುವುದು, ಅಥವಾ ನಿಲ್ಲಿಸುವುದು. ತಪ್ಪುಗಳೆಲ್ಲ 5ರಿಂದ 7ನೇ ತಾರೀಖಿನ ನಡುವೆಯೇ ಗುಂಪಾಗಿದ್ದರೆ ಆ ಮೂರು ದಿನ ಮಾತ್ರ ಎಲ್ಲರೂ ಆಫೀಸಿಗೆ ಬಂದರೆ ಸಾಕು, ಇಡೀ ವ್ಯವಸ್ಥೆ ಬಿಡಬೇಕಿಲ್ಲ. ಯಾವ ಕೆಲಸಕ್ಕೆ ಎದುರುಬದುರು ಕೂರಲೇಬೇಕು, ಯಾವುದಕ್ಕೆ ಬೇಡ ಎಂಬುದು ಆಗ ಮ್ಯಾನೇಜರಿಗೂ ತಂಡಕ್ಕೂ ಒಂದೇ ಕಾಗದದ ಮೇಲೆ ಕಾಣುತ್ತದೆ, ಮತ್ತು ಮುಂದಿನ ಮಾತುಕತೆ ಆ ಕಾಗದದಿಂದಲೇ ಶುರುವಾಗಬಹುದು.